ಹತ್ತು ಹೆಕ್ಟೇರಿನ ತೂಕ

ರಸ್ತೆಗೋ ವಿದ್ಯುತ್ ಮಾರ್ಗಕ್ಕೋ ಕಾಡು ಕಡಿಯುವ ಪ್ರಸ್ತಾವ ಬಂದಾಗ ಪತ್ರಿಕೆಗಳಲ್ಲಿ ಅಚ್ಚಾಗುವುದು ಒಂದೇ ಅಂಕಿ: ಎಷ್ಟು ಹೆಕ್ಟೇರ್ ಹೋಗುತ್ತದೆ ಎಂಬುದು. ಯೋಜನೆ ಬೇಕೆನ್ನುವವರು ಅದು ಕಡಿಮೆ ಎನ್ನುತ್ತಾರೆ, ಬೇಡವೆನ್ನುವವರು ಹೆಚ್ಚು ಎನ್ನುತ್ತಾರೆ. ಜಗಳವೆಲ್ಲ ಆ ಒಂದು ಅಂಕಿಯ ಸುತ್ತಲೇ. ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇದ್ದೂ ಕಾಡು ಹಾಳಾಗಬಹುದು ಎಂಬ ಮಾತು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಅದನ್ನು ಲೆಕ್ಕಕ್ಕೆ ತರುವ ಶಾಸ್ತ್ರವೊಂದಿದೆ. ಇಂಗ್ಲಿಷಿನಲ್ಲಿ ಲ್ಯಾಂಡ್‌ಸ್ಕೇಪ್ ಇಕಾಲಜಿ ಎನ್ನುವ ಇದನ್ನು ಭೂದೃಶ್ಯ ಪರಿಸರಶಾಸ್ತ್ರ ಎನ್ನಬಹುದು. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಕೊಡುವ ಅಸೈನ್‌ಮೆಂಟ್ ಸಾಮಾನ್ಯವಾಗಿ ಒಂದೇ ಬಗೆಯದು. ಒಂದು ನಕ್ಷೆ, ಅದರಲ್ಲಿ ಕೆಲವು ಕಾಡಿನ ತುಣುಕುಗಳು, ಸುತ್ತ ಹೊಲ, ತೋಟ, ರಸ್ತೆ. ಪ್ರಶ್ನೆ ಮೂರು: ಕಾಡು ಎಷ್ಟು ಒಡೆದಿದೆ? ಅದರಲ್ಲಿ ಅಂಚು ಎಷ್ಟು, ಒಳಗಾಡು ಎಷ್ಟು? ತುಣುಕುಗಳ ನಡುವೆ ಪ್ರಾಣಿ, ಹಕ್ಕಿ, ಬೀಜ ಓಡಾಡಬಲ್ಲವೇ? ಇದನ್ನು ಬಿಡಿಸಲು ಕೂಡಿಸಿ ಗುಣಿಸುವ ಲೆಕ್ಕ ಗೊತ್ತಿದ್ದರೆ ಸಾಕು. ಹೀಗಾಗಿ ಅಂಥದೊಂದು ನಕ್ಷೆಯನ್ನು ನಾವೇ ಬರೆದುಕೊಂಡು ಕೊನೆಯವರೆಗೂ ಬಿಡಿಸಿ ನೋಡೋಣ.

ನಕ್ಷೆಯಲ್ಲಿ ನಾಲ್ಕು ತುಣುಕುಗಳಿವೆ ಎಂದಿಟ್ಟುಕೊಳ್ಳಿ. ಪಡುವಣ ಕಾಡು 200 ಹೆಕ್ಟೇರ್, ಮೂಡಣ ಕಾಡು 150 ಹೆಕ್ಟೇರ್. ಇವೆರಡರ ನಡುವೆ ಬರೀ 10 ಹೆಕ್ಟೇರಿನ, ಅಂದರೆ ಸುಮಾರು 25 ಎಕರೆಯ ಒಂದು ತುಣುಕು. ಅದನ್ನು ನಡುಗಾಡು ಎನ್ನೋಣ. ಮೂಡಣ ಕಾಡಿನಿಂದ ಆಚೆಗೆ 40 ಹೆಕ್ಟೇರಿನ ತೆಂಕಣ ಕಾಡು. ಒಟ್ಟು 400 ಹೆಕ್ಟೇರ್. ದೂರಗಳನ್ನು ಅಂಚಿನಿಂದ ಅಂಚಿಗೆ ಅಳೆಯಬೇಕು: ಪಡುವಣದಿಂದ ನಡುಗಾಡಿಗೆ 300 ಮೀಟರ್, ನಡುಗಾಡಿನಿಂದ ಮೂಡಣಕ್ಕೆ 350, ಪಡುವಣದಿಂದ ನೇರ ಮೂಡಣಕ್ಕೆ 900, ಮೂಡಣದಿಂದ ತೆಂಕಣಕ್ಕೆ 400. ಈ ಸಂಖ್ಯೆಗಳು ಲೆಕ್ಕಕ್ಕೆಂದು ನಾನು ಇಟ್ಟುಕೊಂಡವು, ಆದರೆ ಮಲೆನಾಡಿನ ಯಾವ ಊರಿನ ಸುತ್ತ ನಕ್ಷೆ ಬರೆದರೂ ಹೀಗೆಯೇ ಕಾಣುತ್ತದೆ.

ಮೊದಲು ಅಂಚಿನ ವಿಷಯ. ಮಲೆನಾಡಿನ ಕಾಡಿಗೆ ರಸ್ತೆಯ ಬದಿಯಿಂದ ಇಳಿದವರಿಗೆ ಇದು ಮೈಯಿಂದಲೇ ಗೊತ್ತಾಗುತ್ತದೆ. ಮೊದಲ ಹೆಜ್ಜೆಗಳಲ್ಲಿ ಕಣ್ಣು ಕುಕ್ಕುವ ಬೆಳಕು, ಎದೆಯೆತ್ತರ ಬೆಳೆದ ಲಂಟಾನ ಮತ್ತು ಯುಪಟೋರಿಯಂ, ಕಾಲಡಿಯಲ್ಲಿ ಚರಚರ ಎನ್ನುವ ಒಣ ತರಗು. ಇನ್ನೂ ಒಳಗೆ ಹೋದಂತೆ ಕಳೆಗಿಡ ತೆಳುವಾಗುತ್ತದೆ, ತರಗೆಲೆ ಮೆತ್ತಗಾಗುತ್ತದೆ, ಗಾಳಿಯಲ್ಲಿ ತೇವ ಬರುತ್ತದೆ, ಮಳೆಗಾಲವಾದರೆ ಉಂಬಳ ಕಾಲಿಗೆ ಹತ್ತುತ್ತದೆ. ಎರಡೂ ನಕ್ಷೆಯ ಮೇಲೆ ಒಂದೇ ಹಸಿರು. ಆದರೆ ಒಳಗಿನ ನೆರಳು ಮತ್ತು ತೇವವನ್ನು ನಂಬಿದ ಮರದ ಸಸಿಗೆ, ಕಪ್ಪೆಗೆ, ನೆಲದ ಮೇಲೆ ಹುಳ ಹುಡುಕುವ ಹಕ್ಕಿಗೆ ಆ ಹೊರಪಟ್ಟಿ ಕಾಡೇ ಅಲ್ಲ.

ಈ ಪಟ್ಟಿ ಎಷ್ಟು ಅಗಲ ಎಂಬುದನ್ನು ಬಹಳ ವರ್ಷ ಅಳೆದ ಜಾಗವೆಂದರೆ ಬ್ರೆಜಿಲ್‌ನ ಮನಾವ್ಸ್ ನಗರದ ಉತ್ತರಕ್ಕಿರುವ ಅಮೆಜಾನ್ ಕಾಡು. 1979ರಲ್ಲಿ ಅಮೆರಿಕದ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಅಲ್ಲೊಂದು ಪ್ರಯೋಗ ಶುರುಮಾಡಿದರು. ದನ ಸಾಕಲು ಕಾಡು ಕಡಿಯುತ್ತಿದ್ದ ಜಮೀನುದಾರರು ಕಾನೂನಿನ ಪ್ರಕಾರ ಒಂದಿಷ್ಟು ಕಾಡು ಉಳಿಸಲೇಬೇಕಿತ್ತು. ಉಳಿಸುವುದನ್ನು 1, 10 ಮತ್ತು 100 ಹೆಕ್ಟೇರಿನ ತುಂಡುಗಳಾಗಿ ಉಳಿಸುವಂತೆ ಒಪ್ಪಿಸಲಾಯಿತು. ಈ ಪ್ರಯೋಗದ ಮುಖ್ಯ ಗುಣವೆಂದರೆ, ಸುತ್ತಲಿನ ಮರ ಕಡಿಯುವ ಮೊದಲೇ ಆ ಜಾಗಗಳಲ್ಲಿ ಏನೇನಿದೆ ಎಂದು ದಾಖಲಿಸಿಟ್ಟುಕೊಂಡಿದ್ದರು. ಹೀಗಾಗಿ ಏನು ಕಳೆದುಹೋಯಿತು ಎಂಬುದರಲ್ಲಿ ಊಹೆಗೆ ಜಾಗವಿರಲಿಲ್ಲ.

ಅಲ್ಲಿ ಕಂಡದ್ದು ಇದು. ಬಿಸಿಲು ಮತ್ತು ಒಣಗಾಳಿ ಅಂಚಿನಿಂದ ನೂರು ಮೀಟರಿನವರೆಗೂ ಒಳನುಗ್ಗುತ್ತವೆ. ಗಾಳಿಯ ಹೊಡೆತ ಅದಕ್ಕಿಂತ ದೂರ ಹೋಗುತ್ತದೆ. ಅಂಚಿನಿಂದ 300 ಮೀಟರ್ ಒಳಗಿನ ಪಟ್ಟಿಯಲ್ಲಿ ದೊಡ್ಡ ಮರಗಳು ಒಳಗಾಡಿನಲ್ಲಿ ಸಾಯುವುದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಸತ್ತವು. ನೂರಾರು ವರ್ಷ ನೆರೆಯ ಮರಗಳ ಆಸರೆಯಲ್ಲಿ ನಿಂತ ಹೆಮ್ಮರಕ್ಕೆ ಒಂದು ಬದಿ ಬಯಲಾದಾಗ ಗಾಳಿ ನೇರ ಬಡಿಯುತ್ತದೆ, ಕೊಂಬೆ ಒಣಗುತ್ತದೆ, ಬಳ್ಳಿಗಳು ಹತ್ತಿ ಮುಸುಕುತ್ತವೆ. ಕೊಡಲಿ ಮುಟ್ಟದ ಮರ ಹೀಗೆ ಬೀಳುತ್ತದೆ. ಅದು ಬಿದ್ದ ಜಾಗದಲ್ಲಿ ಮತ್ತಷ್ಟು ಬೆಳಕು ಇಳಿದು ಅಂಚು ಇನ್ನೂ ಒಳಗೆ ಸರಿಯುತ್ತದೆ.

ನಮ್ಮ ನಕ್ಷೆಯ ಲೆಕ್ಕಕ್ಕೆ ಮಧ್ಯಮವಾದ ಅಳತೆ ಹಿಡಿಯೋಣ: ಅಂಚು ಎಂದರೆ 100 ಮೀಟರ್. ತುಣುಕುಗಳೆಲ್ಲ ಚೌಕಾಕಾರ ಎಂದುಕೊಂಡರೆ ಪಡುವಣ ಕಾಡಿನ ಒಂದು ಬದಿ ಸುಮಾರು 1,414 ಮೀಟರ್. ಎರಡೂ ಕಡೆಯಿಂದ ನೂರು ನೂರು ಮೀಟರ್ ಕಳೆದರೆ ಉಳಿಯುವ ಒಳಗಾಡಿನ ಬದಿ 1,214 ಮೀಟರ್, ವಿಸ್ತೀರ್ಣ 147 ಹೆಕ್ಟೇರ್. ಹೀಗೆಯೇ ಮೂಡಣ ಕಾಡಿನಲ್ಲಿ 105, ತೆಂಕಣದಲ್ಲಿ 19 ಹೆಕ್ಟೇರ್ ಉಳಿಯುತ್ತದೆ. ನಡುಗಾಡಿನ 10 ಹೆಕ್ಟೇರಿನಲ್ಲಿ ಒಳಗಾಡು ಒಂದೂವರೆ ಹೆಕ್ಟೇರನ್ನೂ ಮುಟ್ಟುವುದಿಲ್ಲ. ತುಣುಕು ಚಿಕ್ಕದಾದಷ್ಟೂ ಅದರ ಹೆಚ್ಚಿನ ಪಾಲು ಅಂಚೇ ಆಗಿಬಿಡುತ್ತದೆ.

ಆಕಾರವೂ ಇಷ್ಟೇ ಮುಖ್ಯ. ತೆಂಕಣ ಕಾಡಿನ ಅದೇ 40 ಹೆಕ್ಟೇರ್ ಚೌಕವಾಗಿರದೆ ಹೊಳೆಯ ದಂಡೆಗುಂಟ ಎರಡು ಕಿಲೋಮೀಟರ್ ಉದ್ದ, 200 ಮೀಟರ್ ಅಗಲವಾಗಿ ಹರಡಿದ್ದರೆ ಒಳಗಾಡು ಸೊನ್ನೆ. ಎಲ್ಲಿ ನಿಂತರೂ ನೂರು ಮೀಟರ್ ಒಳಗೆ ಒಂದು ಅಂಚು ಇದ್ದೇ ಇರುತ್ತದೆ.

ಇನ್ನು ಪಡುವಣ ಕಾಡಿನ ನಟ್ಟನಡುವೆ ಹತ್ತು ಮೀಟರ್ ಅಗಲದ ಒಂದು ರಸ್ತೆ ಹಾಯಿಸಿ. ಕಡಿದದ್ದು 1.4 ಹೆಕ್ಟೇರ್, ಮೂರೂವರೆ ಎಕರೆ. ಅರ್ಜಿಯಲ್ಲಿ ಬರೆಯುವುದು ಇದನ್ನೇ. ಈಗ ಒಂದಿದ್ದ ಕಾಡು ಎರಡಾಯಿತು, ಎರಡಕ್ಕೂ ಹೊಸ ಅಂಚು ಹುಟ್ಟಿತು. ಮತ್ತೆ ಅಳೆದರೆ ಒಳಗಾಡು 147 ಹೆಕ್ಟೇರಿನಿಂದ 122ಕ್ಕೆ ಇಳಿದಿರುತ್ತದೆ. ಕಡಿದದ್ದು 1.4, ಕಳೆದುಕೊಂಡದ್ದು 25. ಇಡೀ ಅಸೈನ್‌ಮೆಂಟಿನಲ್ಲಿ ನನಗೆ ಅತ್ಯಂತ ಕಾಡುವ ಅಂಕಿ ಇದೇ. ಅರಣ್ಯ ಭೂಮಿಯ ಬಳಕೆ ಬದಲಿಸುವ ಯಾವ ಚರ್ಚೆಯಲ್ಲೂ ಇದು ಮೊದಲ ಸಾಲಿನಲ್ಲಿ ಇರಬೇಕಾದದ್ದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಂಚು ಎಲ್ಲರಿಗೂ ಕೆಟ್ಟದ್ದಲ್ಲ. ಜಿಂಕೆಗೆ ಅಂಚಿನ ಹುಲ್ಲು ಬೇಕು. ಆನೆ ಅಂಚಿನಲ್ಲಿ ಚೆನ್ನಾಗಿ ಮೇಯುತ್ತದೆ, ಆಮೇಲೆ ಪಕ್ಕದ ಬಾಳೆತೋಟಕ್ಕೂ ಇಳಿಯುತ್ತದೆ. ನೂರು ಮೀಟರ್ ಎಂಬುದು ಸಹ ಎಲ್ಲ ಕಾಡಿಗೂ ಹೊಂದುವ ಅಳತೆಯಲ್ಲ. ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯಲ್ಲಿ ಒಳಗೂ ಬಿಸಿಲೇ. ಅಲ್ಲಿ ಅಂಚು ಹೊತ್ತು ತರುವ ಅಪಾಯ ಬೆಂಕಿ, ಕಳೆ, ದನ ಮತ್ತು ನಾಯಿ. ಹೀಗಾಗಿ ವಿದ್ಯಾರ್ಥಿ ನೂರು ಎಂದು ಬರೆದಿದ್ದರೆ ಯಾಕೆ ನೂರು, ಯಾರಿಗೆ ನೂರು ಎಂದೂ ಬರೆಯಬೇಕು.

ಮೂರನೆಯ ಪ್ರಶ್ನೆ ಸಂಪರ್ಕದ್ದು. ಇಲ್ಲಿ ಲೆಕ್ಕ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಕಾಡಿನ ತುಣುಕುಗಳನ್ನು ಊರುಗಳೆಂದೂ ಅವುಗಳ ನಡುವಿನ ಓಡಾಟವನ್ನು ರಸ್ತೆಗಳೆಂದೂ ಭಾವಿಸಿ ಒಂದು ಜಾಲ ಬರೆಯುತ್ತಾರೆ. ಯಾವುದೋ ಒಂದು ಪ್ರಾಣಿ ಬಯಲಿನಲ್ಲಿ 500 ಮೀಟರಿನವರೆಗೆ ಹೋಗಬಲ್ಲದು ಎಂದುಕೊಳ್ಳಿ. ಅದಕ್ಕೆ ಪಡುವಣದಿಂದ ನಡುಗಾಡು ಎಟುಕುತ್ತದೆ, ಅಲ್ಲಿಂದ ಮೂಡಣ, ಮೂಡಣದಿಂದ ತೆಂಕಣ. ನಾಲ್ಕೂ ಸೇರಿ 400 ಹೆಕ್ಟೇರಿನ ಒಂದೇ ಮನೆ. ಈಗ ನಡುಗಾಡನ್ನು ಅಳಿಸಿ. ಪಡುವಣಕ್ಕೂ ಮೂಡಣಕ್ಕೂ ನಡುವೆ 900 ಮೀಟರ್ ಬಯಲು, ದಾಟಲಾಗದು. ಒಂದು ಕಡೆ ಪಡುವಣದ 200 ಹೆಕ್ಟೇರ್ ಒಂಟಿ, ಇನ್ನೊಂದು ಕಡೆ ಮೂಡಣ ಮತ್ತು ತೆಂಕಣ ಸೇರಿ 190.

ಈ ಒಡಕಿಗೆ ಒಂದು ಅಂಕಿ ಕೊಡಬೇಕು. ಪ್ರತಿ ಗುಂಪಿನ ವಿಸ್ತೀರ್ಣವನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 'ಎಷ್ಟು ದೊಡ್ಡ ಒಂದೇ ಅಖಂಡ ಕಾಡಿಗೆ ಇದು ಸಮ' ಎಂಬ ಸಂಖ್ಯೆ ಸಿಗುತ್ತದೆ. ಮೊದಲು ಅದು 400 ಹೆಕ್ಟೇರ್ ಇತ್ತು. ನಡುಗಾಡು ಹೋದ ಮೇಲೆ:

√(200² + 190²) ≈ 276

ಹೋದದ್ದು ನೂರರಲ್ಲಿ ಎರಡೂವರೆ ಪಾಲು ಕಾಡು, ಇಳಿದದ್ದು 31 ಪಾಲು ಸಂಪರ್ಕ. ಅದರ ನಾಲ್ಕರಷ್ಟು ದೊಡ್ಡದಾದ ತೆಂಕಣ ಕಾಡನ್ನು ಅಳಿಸಿ ನೋಡಿದರೆ ಇಳಿಯುವುದು 10 ಪಾಲು ಮಾತ್ರ. ಒಳಗಾಡಿನ ಲೆಕ್ಕದಲ್ಲಿ ಕೆಲಸಕ್ಕೆ ಬಾರದ್ದೆಂದು ಕಂಡಿದ್ದ ನಡುಗಾಡು ಈ ಲೆಕ್ಕದಲ್ಲಿ ತೆಂಕಣ ಕಾಡಿಗಿಂತ ಮೇಲೆ ಬಂತು. ಅದು ವಾಸದ ಮನೆಯಲ್ಲ, ತಂಗುದಾಣ.

ಹೆಚ್ಚಿನ ವಿದ್ಯಾರ್ಥಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ಅಸೈನ್‌ಮೆಂಟ್ ಶುರುವಾಗುವುದೇ ಇಲ್ಲಿಂದ. ಆ 500 ಮೀಟರ್ ಎಲ್ಲಿಂದ ಬಂತು? ಅದನ್ನು 200 ಮಾಡಿ ನೋಡಿ. ಈಗ ನಾಲ್ಕು ತುಣುಕೂ ಒಂದಕ್ಕೊಂದು ಸಂಬಂಧವಿಲ್ಲದ ದ್ವೀಪಗಳು. ನಡುಗಾಡು ಇದ್ದರೂ ಹೋದರೂ ಅಂಕಿಯಲ್ಲಿ ವ್ಯತ್ಯಾಸವೇ ಕಾಣದು. 1,000 ಮೀಟರ್ ಮಾಡಿ ನೋಡಿ. ಪ್ರಾಣಿ ಪಡುವಣದಿಂದ ನೇರ ಮೂಡಣಕ್ಕೆ ಹೋಗುತ್ತದೆ, ನಡುಗಾಡು ಹೋದರೆ ನಷ್ಟ ಅದರ ವಿಸ್ತೀರ್ಣದಷ್ಟೇ, ಎರಡೂವರೆ ಪಾಲು. ಹತ್ತು ಹೆಕ್ಟೇರಿನ ಬೆಲೆ ಇರುವುದು ನಡುವಿನ ದೂರ ಹೋಗಬಲ್ಲ ಜೀವಿಗಳಿಗೆ ಮಾತ್ರ.

ನಿಜವಾದ ಪ್ರಾಣಿಗಳನ್ನು ತಂದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಮಂಗಟ್ಟೆ ಹಕ್ಕಿ ಕಿಲೋಮೀಟರುಗಟ್ಟಲೆ ಹಾರಿ ಹಣ್ಣಿನ ಮರ ಹುಡುಕುತ್ತದೆ, ಬೀಜವನ್ನೂ ಸಾಗಿಸುತ್ತದೆ. ಸಿಂಗಳೀಕ ಹಾಗಲ್ಲ. ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿ ಮರದ ತಲೆಯ ಮೇಲೆಯೇ ಬಾಳುತ್ತದೆ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ದಾರಿ, ಇಲ್ಲದಿದ್ದರೆ ಇಲ್ಲ. ತಮಿಳುನಾಡಿನ ವಾಲ್ಪಾರೈ ಬಳಿಯ ಪುದುತೋಟ್ಟಂ ಎಂಬ ಸಣ್ಣ ಕಾಡಿನ ತುಣುಕಿನಲ್ಲಿ ಸಿಕ್ಕಿಬಿದ್ದ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ ದಾಟತೊಡಗಿ ವಾಹನಗಳಿಗೆ ಸಿಕ್ಕವು. ಅಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಬೇಕಾಯಿತು. ಅದಕ್ಕೆ ಬೇಕಿದ್ದ ಸಂಪರ್ಕ ಕೆಲವೇ ಮೀಟರಿನದು. ಮನಾವ್ಸ್‌ನಲ್ಲೂ ಒಳಗಾಡಿನ ಕೆಲವು ಹಕ್ಕಿಗಳು 80 ಮೀಟರಿನ ಬಯಲನ್ನು ದಾಟಲು ಹಿಂಜರಿದದ್ದು ದಾಖಲಾಗಿದೆ. ರೆಕ್ಕೆ ಇದೆ ಎಂದಮಾತ್ರಕ್ಕೆ ಹಾರುತ್ತದೆ ಎಂದಲ್ಲ.

500 ಮೀಟರ್ ಹೋಗುವ ಪ್ರಾಣಿ 501ನೆಯ ಮೀಟರಿಗೆ ನಿಂತುಬಿಡುವುದೂ ಇಲ್ಲ. ಈ ಕೊರತೆಯನ್ನು ತುಂಬಲು ಸ್ಪೇನಿನ ಸಾಂತಿಯಾಗೊ ಸೌರಾ ಮತ್ತು ಲೂಸಿಯಾ ಪಾಸ್ಕುವಲ್-ಹೊರ್ತಾಲ್ 2007ರಲ್ಲಿ ಒಂದು ಸೂಚ್ಯಂಕ ಮುಂದಿಟ್ಟರು. ಅದರಲ್ಲಿ ಎಟುಕುತ್ತದೆ, ಎಟುಕುವುದಿಲ್ಲ ಎಂಬ ಎರಡೇ ಉತ್ತರ ಇಲ್ಲ. ದೂರ ಹೆಚ್ಚಿದಂತೆ ದಾಟುವ ಸಂಭವ ನಿಧಾನವಾಗಿ ಇಳಿಯುತ್ತದೆ. 500 ಮೀಟರಿಗೆ ಸಂಭವ ಅರ್ಧ ಎಂದಿಟ್ಟುಕೊಂಡರೆ, ಪಡುವಣದಿಂದ ಮೂಡಣಕ್ಕೆ ನೇರ ದಾಟುವ ಸಂಭವ ನೂರಕ್ಕೆ 29, ನಡುಗಾಡಿನ ಮೂಲಕ ಹೋದರೆ 41. ಈ ರೀತಿಯಲ್ಲಿ ಇಡೀ ನಕ್ಷೆಯನ್ನು ಮತ್ತೆ ಲೆಕ್ಕ ಹಾಕಿದರೆ ನಡುಗಾಡು ಹೋದಾಗಿನ ನಷ್ಟ 31 ಪಾಲಿನಿಂದ ಆರೂವರೆಗೆ ಇಳಿಯುತ್ತದೆ. ತೆಂಕಣ ಕಾಡಿನ ನಷ್ಟ ಆರೂಕಾಲು ಬಳಿ ನಿಲ್ಲುತ್ತದೆ. ಹತ್ತು ಹೆಕ್ಟೇರ್ ಮತ್ತು ನಲವತ್ತು ಹೆಕ್ಟೇರ್ ಹೆಚ್ಚುಕಡಿಮೆ ಸಮತೂಕ. ಮೊದಲ ಉತ್ತರ ದೊಡ್ಡದಾಗಿ ಕಂಡದ್ದು ಅಳತೆಗೋಲಿನ ದೋಷದಿಂದ, ಎರಡನೆಯದು ಹೆಚ್ಚು ನಂಬಿಕಸ್ಥ. ನಡುಗಾಡಿನ ಪರವಾಗಿ ವಾದಿಸುವವರು ಈ ಎರಡನೆಯ ಅಂಕಿಯನ್ನೇ ಮುಂದಿಡಬೇಕೆಂದು ನನ್ನ ಅಭಿಪ್ರಾಯ. 31 ಎಂದು ಕೂಗಿ ಹೇಳಿದ್ದನ್ನು ಎದುರಾಳಿಯ ತಜ್ಞ ಒಂದು ಸಂಜೆಯಲ್ಲಿ ಮುರಿದುಹಾಕಬಲ್ಲ.

ಲೆಕ್ಕ ಸರಿಯಿದ್ದೂ ನಕ್ಷೆ ತಪ್ಪಿರಬಹುದು. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲ. ಅದರೊಳಗೆ ಹತ್ತು ಮೀಟರಿನ ರಸ್ತೆ ಮರಗಳ ನೆರಳಿನಲ್ಲಿ ಕರಗಿಹೋಗುತ್ತದೆ, ಕಂಪ್ಯೂಟರ್ ಎರಡು ಕಾಡನ್ನು ಒಂದೇ ಎನ್ನುತ್ತದೆ. ಇದಕ್ಕೆ ಮದ್ದು, ರಸ್ತೆಗಳ ನಕ್ಷೆಯನ್ನು ಬೇರೆಯಾಗಿ ತಂದು ಮೇಲೆ ಹೊದಿಸುವುದು. ಇನ್ನೊಂದು ತೊಡಕು ಮೂಲೆಯದು. ಎರಡು ಹಸಿರು ಚುಕ್ಕಿಗಳು ಬರೀ ಮೂಲೆಯಲ್ಲಿ ತಾಗಿದ್ದರೆ ಅವು ಒಂದೇ ಕಾಡೋ ಎರಡೋ? ಒಂದೇ ಎಂದರೆ ತುಣುಕುಗಳ ಸಂಖ್ಯೆ ಇಳಿಯುತ್ತದೆ, ಎರಡು ಎಂದರೆ ಏರುತ್ತದೆ. ಎರಡು ವರ್ಷಗಳ ಕಾಡನ್ನು ಹೋಲಿಸುವಾಗ ಈ ನಿಯಮ ಬದಲಾದರೆ, ಒಂದು ಮರ ಬೀಳದಿದ್ದರೂ ಕಾಡು ಛಿದ್ರವಾದಂತೆ ತೋರುತ್ತದೆ.

ಕೊಡಗಿನಲ್ಲಿ ಇನ್ನೂ ಸೂಕ್ಷ್ಮವಾದ ತೊಂದರೆ. ಅಲ್ಲಿ ಕಾಫಿ ಬೆಳೆಯುವುದು ಮರಗಳ ನೆರಳಿನಲ್ಲಿ. ಮೇಲಿನಿಂದ ನೋಡಿದರೆ ತೋಟವೂ ಕಾಡಿನಂತೆಯೇ. ಚಿತ್ರ ಮಾತ್ರ ನಂಬಿದರೆ ಕೊಡಗಿನ ಬಹುಪಾಲು ಅಖಂಡ ಕಾಡು ಎಂಬ ಉತ್ತರ ಬರುತ್ತದೆ, ತೋಟವನ್ನೆಲ್ಲ ಬಯಲು ಎಂದು ಬರೆದರೆ ಉತ್ತರ ಇನ್ನೊಂದು ತುದಿಗೆ ಹೋಗುತ್ತದೆ. ಎರಡೂ ನಿಜವಲ್ಲ. ಕಾಡುಮರಗಳನ್ನು ಉಳಿಸಿಕೊಂಡ ಹಳೆಯ ತೋಟದಲ್ಲಿ ಎಷ್ಟೋ ಹಕ್ಕಿಗಳು ಸಲೀಸಾಗಿ ಓಡಾಡುತ್ತವೆ. ಅದೇ ತೋಟದಲ್ಲಿ ನೆರಳಿಗೆ ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಟ್ಟರೆ ಹಣ್ಣು ತಿನ್ನುವ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ತುಣುಕುಗಳ ನಡುವಿನ ನೆಲ ಎಂಥದ್ದು ಎಂಬುದು ದೂರದಷ್ಟೇ ಮುಖ್ಯ. ಹಾಗಾಗಿ ಅನುಭವಸ್ಥರು ದೂರವನ್ನು ಮೀಟರಿನಲ್ಲಿ ಅಳೆಯುವ ಬದಲು ದಾಟುವ ಕಷ್ಟದಲ್ಲಿ ಅಳೆಯುತ್ತಾರೆ. ಹಳೆಯ ತೋಟದ ನೂರು ಮೀಟರಿಗೆ ಒಂದು ಬೆಲೆ, ಗದ್ದೆಯ ನೂರು ಮೀಟರಿಗೆ ಹೆಚ್ಚು, ಹೆದ್ದಾರಿಗೆ ಅದಕ್ಕಿಂತ ಹೆಚ್ಚು. ಆ ಬೆಲೆಗಳನ್ನು ಯಾರು ಕಟ್ಟಿದರು ಎಂಬುದೇ ಇಡೀ ಲೆಕ್ಕದ ದುರ್ಬಲ ಕೊಂಡಿ. ಆ ಜಾಗದಲ್ಲಿ ಪ್ರಾಣಿಯ ಹೆಜ್ಜೆ ನೋಡಿದವರು ಕಟ್ಟಿದ್ದರೆ ಮಾತ್ರ ಅದಕ್ಕೆ ಅರ್ಥ.

ಕೊಡಗಿನ ದೇವರಕಾಡುಗಳೂ ನಮ್ಮ ನಡುಗಾಡಿನ ಜಾತಿಯವೇ. ದಾಖಲೆಗಳಲ್ಲಿ ಅವು 1,200ಕ್ಕೂ ಹೆಚ್ಚು, ಆದರೆ ಎಲ್ಲ ಸೇರಿದರೂ ಒಟ್ಟು ವಿಸ್ತೀರ್ಣ ಸುಮಾರು 6,300 ಎಕರೆ. ಸರಾಸರಿ ಐದು ಎಕರೆ. ಚೌಕವಾಗಿದ್ದರೆ ಒಂದು ಬದಿ ಸುಮಾರು 140 ಮೀಟರ್. ನೂರು ಮೀಟರ್ ಅಂಚಿನ ಲೆಕ್ಕದಲ್ಲಿ ಹೆಚ್ಚಿನವುಗಳಲ್ಲಿ ಒಳಗಾಡು ಎಂಬುದೇ ಇಲ್ಲ. ಹಾಗೆಂದು ಅವನ್ನು ಅಳಿಸಿದರೆ ಏನಾಗುತ್ತದೆ ಎಂದು ಈಗಾಗಲೇ ನೋಡಿದ್ದೇವೆ.

ರಸ್ತೆಯ ವಿಷಯದಲ್ಲಿ ನಕ್ಷೆ ಹೇಳದ ಇನ್ನೊಂದು ಸಂಗತಿ ಸಮಯದ್ದು. ಬಂಡೀಪುರವನ್ನು ಸೀಳಿಕೊಂಡು ಹೋಗುವ ಮೈಸೂರು–ಊಟಿ ಮತ್ತು ಗುಂಡ್ಲುಪೇಟೆ–ವಯನಾಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ತಡೆಯಿದೆ. ಡಾಂಬರು ಅದೇ, ಅಗಲ ಅದೇ. ಆದರೆ ಹಗಲು ಗೋಡೆಯಂತಿರುವ ರಸ್ತೆ ರಾತ್ರಿ ದಾರಿಯಾಗುತ್ತದೆ. ಪ್ರಾಣಿಯನ್ನು ತಡೆಯುವುದು ವಾಹನಗಳ ಓಡಾಟ ಎಂಬ ತಿಳಿವಳಿಕೆಯ ಮೇಲೆ ನಿಂತ ಕ್ರಮ ಇದು. ಸುತ್ತುಬಳಸು ದಾರಿ ಹಿಡಿಯಬೇಕಾದವರ ಕಷ್ಟವನ್ನು ಅಲ್ಲಗಳೆಯದೆಯೇ ಹೇಳುತ್ತೇನೆ, ಈ ತಡೆ ಉಳಿಯಬೇಕು.

ಹತ್ತು ಹೆಕ್ಟೇರಿನ ಲೆಕ್ಕವನ್ನು ನೆಲದ ಮೇಲೆ ನಂಬಿ ಹಣ ಹೂಡಿದ ಉದಾಹರಣೆಯೂ ನಮ್ಮಲ್ಲಿದೆ. ಚಾಮರಾಜನಗರ ಜಿಲ್ಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡನ್ನೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡನ್ನೂ ಸೇರಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ದಾರಿಯಲ್ಲಿ ಖಾಸಗಿ ಹೊಲಗಳು ಅಡ್ಡ ಬಂದಿದ್ದವು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಸುಮಾರು 25 ಎಕರೆ ಕೊಂಡು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿತು. ನಮ್ಮ ನಡುಗಾಡಿನಷ್ಟೇ ಜಾಗ. ಎರಡು ಬದಿಯ ಕಾಡುಗಳ ವಿಸ್ತೀರ್ಣದ ಮುಂದೆ ಅದು ಲೆಕ್ಕಕ್ಕೇ ಬಾರದು. ಆದರೆ ಅದನ್ನು ಕೊಂಡದ್ದು ಅಲ್ಲಿ ಆನೆ ಬಾಳಲಿ ಎಂದಲ್ಲ, ಹಾದುಹೋಗಲಿ ಎಂದು.

ನಿಮ್ಮೂರಿನ ಪಕ್ಕದ ಕಾಡಿನಲ್ಲಿ ರಸ್ತೆ, ಕಾಲುವೆ, ವಿದ್ಯುತ್ ಮಾರ್ಗದ ಯೋಜನೆ ಬಂದು ಸಾರ್ವಜನಿಕ ಅಹವಾಲು ಸಭೆ ನಡೆದರೆ ದಯವಿಟ್ಟು ಹೋಗಿ. ವರದಿಯಲ್ಲಿ ಎಷ್ಟು ಹೆಕ್ಟೇರ್ ಎಂದು ಬರೆದಿರುತ್ತಾರೆ. ಒಳಗಾಡು ಎಷ್ಟು ಇಳಿಯುತ್ತದೆ, ಯಾವ ಪ್ರಾಣಿಯ ಯಾವ ದಾರಿ ತಪ್ಪುತ್ತದೆ, ದಾಟುವ ದೂರವನ್ನು ಎಷ್ಟೆಂದು ಹಿಡಿದು ಲೆಕ್ಕ ಹಾಕಿದ್ದೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.